ಎರಡನೆಯ ಅರ್ಧ ಎಳೆದವರು ಯಾರು?

ಈ ಸಲ ರಜೆಗೆ ಬೆಂಗಳೂರಿಗೆ ಹೋದಾಗ ರವೀಂದ್ರ ಕಲಾಕ್ಷೇತ್ರದಲ್ಲಿ ಹವ್ಯಾಸಿ ತಂಡವೊಂದರ ‘ತುಘಲಕ್’ ನೋಡಿದೆ. ನಮ್ಮ ಸಂಘದ ಸದಸ್ಯೆಯೊಬ್ಬರೂ ಅದೇ ಪ್ರಯೋಗಕ್ಕೆ ಬಂದಿದ್ದರು. ವಾಪಸು ಬಂದ ವಾರದಲ್ಲೇ ಅವರು ಈ ಪತ್ರಿಕೆಗೆ ವಿಮರ್ಶೆ ಬರೆದು ಕಳಿಸಿದರು. ಅದರಲ್ಲೊಂದು ಸಾಲು ಹೀಗಿತ್ತು: “ಮಧ್ಯಂತರದ ನಂತರ ನಾಟಕ ಎಳೆದ ಹಾಗಾಯಿತು, ಆದರೂ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು.”

ನನಗೂ ಹಾಗೇ ಅನ್ನಿಸಿತ್ತು. ಆದರೂ ಅದನ್ನು ಹಾಗೇ ಅಚ್ಚು ಹಾಕಲು ಮನಸ್ಸಾಗಲಿಲ್ಲ. ಎಳೆದದ್ದು ಬರೆದವರೋ, ಆಡಿಸಿದವರೋ, ಆಡಿದವರೋ? ಫೋನ್ ಮಾಡಿ ಕೇಳಿದೆ. “ನಾಟಕವೇ ಉದ್ದ ಅಲ್ವಾ ಸರ್” ಅಂದರು.

ಮೊದಲು ಕೃತಿಯನ್ನೇ ನೋಡೋಣ ಅಂತ ಪುಸ್ತಕ ತೆಗೆದೆವು. ಗಿರೀಶ ಕಾರ್ನಾಡರು 1964ರಲ್ಲಿ ಬರೆದ ಈ ನಾಟಕದಲ್ಲಿ 13 ದೃಶ್ಯಗಳಿವೆ. ನಾವು ನೋಡಿದ ಪ್ರಯೋಗದಲ್ಲಿ ಆರನೆಯದರ ಬಳಿಕ ಮಧ್ಯಂತರ ಕೊಟ್ಟಿದ್ದರು. ಉಳಿದ ಏಳು ದೃಶ್ಯಗಳನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ನೋಡಿ, ಓದುವಾಗಲೂ ಬೇಸರ ಬಂದರೆ ದೂರು ಬರವಣಿಗೆಯ ಮೇಲೆ ಹಾಕೋಣ ಅಂದೆ. ಅವರು ಓದಿದರು. ಎಲ್ಲೂ ಬೇಸರವಾಗಲಿಲ್ಲ ಅಂತ ಅವರೇ ಹೇಳಿದರು.

ಹಾಗಾದರೆ ಆ ಭಾರ ಬಂದದ್ದು ಎಲ್ಲಿಂದ? ನಾನು ಅಂದು ಕತ್ತಲಲ್ಲಿ ಗಡಿಯಾರ ನೋಡಿಕೊಂಡಿದ್ದೆ. ಒಂದು ದೃಶ್ಯ ಮುಗಿದು ಇನ್ನೊಂದು ಶುರುವಾಗಲು ಸುಮಾರು 45 ಸೆಕೆಂಡ್ ಬ್ಲ್ಯಾಕೌಟ್. ಸಿಂಹಾಸನ ಎಳೆಯುವ ಸದ್ದು, ಯಾರದೋ ಕಾಲಿಗೆ ಮೆಟ್ಟಿಲು ತಗುಲಿದ ಸದ್ದು, ಪಕ್ಕದ ಸಾಲಿನಲ್ಲಿ ಬೆಳಗುವ ಮೊಬೈಲು. ಹೀಗೆ ಆರು ಸಲ, ಅಂದರೆ ನಾಲ್ಕೂವರೆ ನಿಮಿಷ. ಲೆಕ್ಕಕ್ಕೆ ದೊಡ್ಡದಲ್ಲ. ಆದರೆ ಪ್ರತಿ ಸಲವೂ ಕಟ್ಟಿದ ಬಿಗಿ ಸಡಿಲವಾಗುತ್ತಿತ್ತು, ನಟರು ಮತ್ತೆ ಮೊದಲಿಂದ ಕಟ್ಟಬೇಕಾಗುತ್ತಿತ್ತು.

ಈ ತೊಂದರೆಗೆ ಕೃತಿಯೊಳಗೇ ಉಪಾಯವಿದೆ, ನನ್ನನ್ನು ಹೆಚ್ಚು ಕಾಡಿದ್ದು ಅದು. ಕಾರ್ನಾಡರು ಇಲ್ಲಿ ಕಂಪನಿ ನಾಟಕದ ಕಟ್ಟನ್ನು ಬಳಸಿಕೊಂಡಿದ್ದಾರೆ. ಅರಮನೆಯ ಭಾರಿ ದೃಶ್ಯ ರಂಗದ ಪೂರ್ತಿ ಆಳದಲ್ಲಿ ನಡೆದರೆ, ಅದರ ಬೆನ್ನಿಗೆ ಬರುವ ಬೀದಿಯ ದೃಶ್ಯ ಮುಂದಿನ ಪರದೆಯ ಎದುರಿಗೇ ನಡೆಯುತ್ತದೆ. ನಾಟಕದ ಠಕ್ಕ ಜೋಡಿ ಅಜೀಜ್ ಆಜಮರು ಮುಂದೆ ಮಾತಾಡುತ್ತಿರುವಾಗ ಹಿಂದೆ ಸೆಟ್ ಬದಲಾಗಬೇಕು. ನಾವು ನೋಡಿದ ಪ್ರಯೋಗದಲ್ಲಿ ಬೀದಿಯನ್ನೂ ಅರಮನೆಯಷ್ಟೇ ಆಳದಲ್ಲಿ ಹರಡಿ, ಎರಡರ ನಡುವೆ ದೀಪ ಆರಿಸಿದ್ದರು. ಈ ಭಾರ ನಿರ್ದೇಶನದ್ದು ಅಂತ ನಾನು ಧೈರ್ಯವಾಗಿ ಹೇಳಬಲ್ಲೆ. ಇದೇ ತಂಡ ರಂಗಶಂಕರದಲ್ಲಿ ಆಡಿದ್ದರೆ ಇಷ್ಟು ಖಚಿತವಾಗಿ ಹೇಳುತ್ತಿರಲಿಲ್ಲ. ಅಲ್ಲಿ ವೇದಿಕೆಯೇ ಪ್ರೇಕ್ಷಕರ ನಡುವಿಗೆ ಚಾಚಿಕೊಂಡಿದೆ. ಮುಂಪರದೆಯ ಉಪಾಯ ಅಲ್ಲಿ ಹಾಗೇ ನಡೆಯುವುದಿಲ್ಲ.

ಅಭಿನಯದ ಬಗ್ಗೆ ಆ ಸದಸ್ಯೆ ಬರೆದದ್ದು, “ತುಘಲಕ್ ಪಾತ್ರಧಾರಿಯ ದನಿ ಸಾಲದು.” ದೌಲತಾಬಾದಿನ ಕೋಟೆಯ ಮೇಲೆ ರಾತ್ರಿ ಆತ ಎಳೆಯ ಕಾವಲುಗಾರನೊಡನೆ ಮಾತಾಡುವ ದೃಶ್ಯದಲ್ಲಿ ನನಗೂ ಅರ್ಧ ಮಾತು ಕೇಳಿಸಲಿಲ್ಲ. ಆದರೆ ಅದೇ ನಟ ದರ್ಬಾರಿನಲ್ಲಿ ಇನ್ನೂ ಮೆಲ್ಲಗೆ ಆಡಿದ ಮಾತು ಹಿಂದಿನ ಸಾಲಿನಲ್ಲಿದ್ದ ನನ್ನವರೆಗೆ ಬಂದಿತ್ತು. ವ್ಯತ್ಯಾಸ ಇಷ್ಟೇ: ಕೋಟೆಯ ಮೇಲೆ ಆತನನ್ನು ಹಿಂಗೋಡೆಯತ್ತ ಮುಖ ಮಾಡಿ ನಿಲ್ಲಿಸಿದ್ದರು. ನಿಂತ ಜಾಗ ಬದಲಾದಾಗ ದನಿಯೂ ಬದಲಾದರೆ ಅದು ಬ್ಲಾಕಿಂಗಿನ, ಅಂದರೆ ನಟನನ್ನು ರಂಗದ ಮೇಲೆ ನಿಲ್ಲಿಸಿದ ರೀತಿಯ ತಪ್ಪು. ಜಾಗ ಯಾವುದಾದರೂ ವಾಕ್ಯದ ಕೊನೆ ನುಂಗಿಹೋದರೆ ಮಾತ್ರ ನಟನ ತಪ್ಪು. ಪಾಪ, ಆ ಹುಡುಗನ ಹೆಸರಿನ ಮುಂದೆ ಅಚ್ಚಾದ ಮಾತು ಬಹಳ ದಿನ ಉಳಿದುಬಿಡುತ್ತದೆ.

ಇನ್ನು ಚಪ್ಪಾಳೆ. ನಮ್ಮ ಮುಂದಿನ ಎರಡು ಸಾಲಿನವರು ನಟರ ಮನೆಯವರು, ಆಟ ಮುಗಿದ ಮೇಲೆ ಹೂಗುಚ್ಛ ಹಿಡಿದು ರಂಗದ ಮೇಲೆ ಹೋದರು. ಕೊನೆಯಲ್ಲಿ ಮೊದಲು ಎದ್ದವರೂ ಅವರೇ. ಅದಕ್ಕಿಂತ ನನ್ನಲ್ಲಿ ಉಳಿದಿರುವುದು ದೌಲತಾಬಾದಿನ ದಾರಿಯ ದೃಶ್ಯ. ಸಾಯುತ್ತಿರುವ ಮಗುವನ್ನು ವೈದ್ಯರಲ್ಲಿಗೆ ಒಯ್ಯಲು ಬಿಡಿ ಅಂತ ತಾಯಿ ಬೇಡುತ್ತಾಳೆ, ಅಜೀಜ್ ಹಣ ಕೇಳುತ್ತಾನೆ. ಆತ ಬಾಯಿ ತೆರೆದಾಗಲೆಲ್ಲ ನಗುತ್ತಿದ್ದ ಜನ ಇಲ್ಲೂ ನಗಲು ಶುರುಮಾಡಿ, ನಡುವೆಯೇ ತಡೆದುಕೊಂಡರು. ಅಜೀಜ್ ಪಾತ್ರಧಾರಿ ಹಿಂದಿನ ದೃಶ್ಯಗಳ ಅದೇ ಲಹರಿಯಲ್ಲಿ, ದನಿ ಏರಿಸದೆ, ಹಣ ಎಣಿಸುವ ಬೆರಳನ್ನಷ್ಟೇ ಆಡಿಸಿದ್ದ. ಆ ಮೌನ ಬರವಣಿಗೆಯದೂ ಹೌದು, ಆ ಬೆರಳಿನದೂ ಹೌದು. ಎಷ್ಟು ಪಾಲು ಯಾರದು ಅಂತ ಬಿಡಿಸಲು ನನ್ನಿಂದ ಆಗಲಿಲ್ಲ.

ಅವರು ವಿಮರ್ಶೆಯನ್ನು ಮತ್ತೆ ಬರೆದುಕೊಟ್ಟಿದ್ದಾರೆ. ‘ಎಳೆದ ಹಾಗಾಯಿತು’ ಇದ್ದ ಜಾಗದಲ್ಲೀಗ ಆರು ಬ್ಲ್ಯಾಕೌಟಿನ ಮಾತಿದೆ, ಚಪ್ಪಾಳೆಯ ಜಾಗದಲ್ಲಿ ಆ ಅರ್ಧ ನಗು. ಮುಂದಿನ ಪುಟದಲ್ಲಿ ಓದಿ.