ಕೋಲಾರ ಐಸಿಯು ಗುಂಪಿಗೆ: ದಿನದ ಗುರಿ ಹಾಳೆಯಲ್ಲಿ ಅಂಕಿ ಬರೆಯಿರಿ

ಎಲ್ಲರಿಗೂ ನಮಸ್ಕಾರ. ನಿನ್ನೆ ನಾಲ್ಕನೇ ಬೆಡ್‌ನಲ್ಲಿ ಆಗಿದ್ದನ್ನು ಹೇಳಲೇಬೇಕು. ನ್ಯುಮೋನಿಯಾ ರೋಗಿ, ವೆಂಟಿಲೇಟರ್‌ನಲ್ಲಿ ಐದನೇ ದಿನ. ಆಕ್ಸಿಜನ್ 40%, ಪೀಪ್ 5. ಉಸಿರಾಟದ ಪರೀಕ್ಷೆಗೆ ತಯಾರಿದ್ದರು. ಆದರೆ ಹಾಳೆಯಲ್ಲಿ ನಾವು ಬರೆದಿದ್ದು ‘ಸೆಡೇಷನ್ ಕಡಿಮೆ ಮಾಡಿ’ ಅಂತ ಮಾತ್ರ. ಎಷ್ಟು ಕಡಿಮೆ? ರಾತ್ರಿ ಪಾಳಿಯವರಿಗೆ ಹೇಗೆ ಗೊತ್ತಾಗಬೇಕು ಹೇಳಿ. ಮಿಡಜೋಲಾಮ್ ಹಾಗೇ ಓಡಿತು. ಬೆಳಗ್ಗೆ ಕರೆದರೂ ಕಣ್ಣು ಬಿಡಲಿಲ್ಲ, ಪರೀಕ್ಷೆಯಲ್ಲಿ ಉಸಿರು ನಿಲ್ಲುತ್ತಾ ಬಂತು. ಶ್ವಾಸಕೋಶ ಸೋತಿರಲಿಲ್ಲ, ಔಷಧಿ ಜಾಸ್ತಿಯಾಗಿತ್ತು. ಒಂದು ದಿನ ಸುಮ್ನೆ ಹೋಯಿತು.

ಇನ್ನು ಮೇಲೆ ರಾಸ್ ಗುರಿಯನ್ನು ಅಂಕಿಯಲ್ಲೇ ಬರೆಯಿರಿ. ಬೇರೆ ಕಾರಣ ಇಲ್ಲದಿದ್ದರೆ 0ರಿಂದ −1. ಫಿಟ್ಸ್ ಇಲ್ಲ, ಸ್ನಾಯು ಸಡಿಲಿಸುವ ಔಷಧಿ ಓಡುತ್ತಿಲ್ಲ ಎಂದು ನೋಡಿಕೊಂಡು, ಡ್ಯೂಟಿ ಡಾಕ್ಟರ್ ಹೇಳಿದ ಮೇಲೆ ಬೆಳಗ್ಗೆ 6 ಗಂಟೆಗೆ ಸೆಡೇಷನ್ ನಿಲ್ಲಿಸಿ. ರೋಗಿ ತುಂಬಾ ಚಡಪಡಿಸಿದರೆ ಮೊದಲಿನ ಅರ್ಧ ಡೋಸ್‌ನಿಂದ ಮತ್ತೆ ಶುರು. ಎಚ್ಚರವಾದ ಮೇಲಷ್ಟೇ ಉಸಿರಾಟದ ಪರೀಕ್ಷೆ: ಪ್ರೆಷರ್ ಸಪೋರ್ಟ್ 5ರಿಂದ 8, 30 ನಿಮಿಷ. ಉಸಿರು ನಿಮಿಷಕ್ಕೆ 35 ದಾಟಿ ಹಾಗೇ ಉಳಿದರೆ, ಆಕ್ಸಿಜನ್ ಮಟ್ಟ 90ರ ಕೆಳಗೆ ಇಳಿದರೆ, ಬೆವರು ಕಿತ್ತರೆ ನಿಲ್ಲಿಸಿ, ಕಾರಣವನ್ನೂ ಬರೆಯಿರಿ.

ಅದೇ ರೋಗಿಗೆ ‘ನಾಳೆ ಪರೀಕ್ಷೆ’ ಅಂತ ರಾತ್ರಿ 10ಕ್ಕೇ ಫೀಡ್ ನಿಲ್ಲಿಸಿದ್ದೆವು. ಪರೀಕ್ಷೆಗೆ ಹಸಿವಿನಿಂದ ಇಡಬೇಕಿಲ್ಲ. ಟ್ಯೂಬ್ ತೆಗೆಯುವುದು ಖಚಿತವಾದ ಮೇಲೆ ನಿಲ್ಲಿಸಿದರೆ ಸಾಕು.

ನಾರ್‌ಅಡ್ರಿನಲಿನ್ ನಿಂತು ಎರಡು ದಿನವಾದರೂ ಕುತ್ತಿಗೆಯ ಸೆಂಟ್ರಲ್ ಲೈನ್ ಇತ್ತು. ‘ಲೈನ್ ಇದೆ’ ಅಂತಲ್ಲ, ‘ಇವತ್ತು ಯಾಕೆ ಬೇಕು’ ಅಂತ ಬರೆಯಿರಿ. ಉತ್ತರ ಇಲ್ಲದಿದ್ದರೆ ರೌಂಡ್ಸ್‌ನಲ್ಲೇ ತೆಗೆಯಲು ಹೇಳಿ.