ವಿಷಯ: ಮದುವೆ ಗುಂಪು ಬುಕಿಂಗ್‌ನಲ್ಲಿ ಒಂಬತ್ತು ಸೀಟು ರದ್ದು ಮಾಡಿರುವ ಬಗ್ಗೆ ದೂರು

ಇವರಿಗೆ,
ಗ್ರಾಹಕರ ದೂರು ವಿಭಾಗದ ಮುಖ್ಯಸ್ಥರು

ಮಾನ್ಯರೇ,

ಫೆಬ್ರವರಿ 5ರಂದು ನನ್ನ ತಮ್ಮನ ಮದುವೆಗೆ ನಾವು 34 ಜನ ಬೆಂಗಳೂರಿಂದ ಕೋಲ್ಕತ್ತಾಗೆ ನಿಮ್ಮ ವಿಮಾನದಲ್ಲಿ ಹೋಗಿ ಬಂದೆವು. ಹುಡುಗಿ ಮನೆ ಅಲ್ಲಿ. ನಮ್ಮವರು ಮಂಡ್ಯ ಕಡೆಯ ಹಳ್ಳಿಯವರು. ಸುಮಾರು ಜನಕ್ಕೆ ಅದೇ ಮೊದಲ ವಿಮಾನ ಪ್ರಯಾಣ. ಎಲ್ಲರೂ ಒಟ್ಟಿಗೆ ಇರಲಿ ಅಂತಲೇ ಗುಂಪು ಬುಕಿಂಗ್ ಮಾಡಿಸಿದೆ.

ಅದು ಅಗ್ಗ ಅಂತ ಮಾಡಿಸಲಿಲ್ಲ. ನವೆಂಬರಿನಲ್ಲಿ ನೀವು ಸೀಟಿಗೆ 7,450 ರೂಪಾಯಿ ಹೇಳಿದ ದಿನ ವೆಬ್‌ಸೈಟಿನಲ್ಲಿ ಒಂದೆರಡು ಸೀಟು ಅದಕ್ಕಿಂತ ಕಡಿಮೆಗೇ ಸಿಗುತ್ತಿದ್ದವು. ಆದರೆ ಮದುವೆ ಮನೆಯಲ್ಲಿ ಯಾರು ಬರುತ್ತಾರೆ, ಯಾರು ಬಿಡುತ್ತಾರೆ ಅನ್ನುವುದು ಕೊನೆವರೆಗೂ ಗೊತ್ತಾಗುವುದಿಲ್ಲ. ದರ ಈಗಲೇ ನಿಗದಿಯಾಗಲಿ, ಹೆಸರು ಆಮೇಲೆ ಕೊಡೋಣ ಅಂತ ಆ ಹೆಚ್ಚಿನ ಹಣಕ್ಕೆ ಒಪ್ಪಿದೆ. ಸೀಟಿಗೆ 2,000 ಮುಂಗಡ ಆಗಲೇ ಕಟ್ಟಿದೆ. ಬಾಕಿ 1,85,300 ರೂಪಾಯಿಗೆ ಜನವರಿ 5 ಕೊನೆ ದಿನ. ಜನವರಿ 3ಕ್ಕೇ ಕಟ್ಟಿದೆ. ಹೆಸರುಗಳ ಪಟ್ಟಿಗೆ ಜನವರಿ 21ರ ಸಂಜೆ 6 ಗಂಟೆವರೆಗೆ ಸಮಯವಿತ್ತು. ಜನವರಿ 19ರ ಬೆಳಿಗ್ಗೆಯೇ, ಆಧಾರ್ ಕಾರ್ಡಿನಲ್ಲಿ ಇರುವ ಹಾಗೆಯೇ 34 ಹೆಸರನ್ನೂ ಕಳಿಸಿದೆ.

ಎರಡು ದಿನ ಉತ್ತರವೇ ಇಲ್ಲ. 21ರ ಸಂಜೆ 5:10ಕ್ಕೆ ನಿಮ್ಮ ಗುಂಪು ಬುಕಿಂಗ್ ಡೆಸ್ಕ್‌ನಿಂದ ಮೇಲ್ ಬಂತು: ಒಂಬತ್ತು ಸಾಲು ಅಪೂರ್ಣ, ಸರಿಪಡಿಸಿ.

ತಪ್ಪು ಏನು ಗೊತ್ತಾ? ನಿಮ್ಮ ಎಕ್ಸೆಲ್ ಹಾಳೆಯಲ್ಲಿ ಸರ್‌ನೇಮ್ ಕಾಲಂ ಕಡ್ಡಾಯ. ನಮ್ಮ ಅಜ್ಜಿಯ ಆಧಾರ್‌ನಲ್ಲಿ ನಂಜಮ್ಮ ಅಂತ ಮಾತ್ರ ಇದೆ. ಹೀಗೆ ಒಂದೇ ಹೆಸರಿನವರು ಆರು ಜನ. ಇನ್ನು ಮೂವರಿಗೆ ಸರ್‌ನೇಮ್ ಜಾಗದಲ್ಲಿ ಇರುವುದು ಒಂದೇ ಇನಿಷಿಯಲ್. ನಿಮ್ಮ ಹಾಳೆ ಒಂದಕ್ಷರವನ್ನೂ ಒಪ್ಪುವುದಿಲ್ಲ. ನಮ್ಮ ಕಡೆ ಊರಿನ ಹೆಸರು, ಅಪ್ಪನ ಹೆಸರು ಇನಿಷಿಯಲ್ ಆಗಿ ಬರುತ್ತದೆ. ಸರ್‌ನೇಮ್ ಅನ್ನುವುದೇ ಎಷ್ಟೋ ಮನೆಗಳಲ್ಲಿ ಇಲ್ಲ. ಬೆಂಗಳೂರಿಂದ ದಿನಾ ವಿಮಾನ ಹಾರಿಸುವ ನಿಮಗೆ ಇದು ಹೊಸದಲ್ಲ ಅಲ್ವಾ? ಹೀಗಿದ್ದಾಗ ಏನು ಬರೆಯಬೇಕು ಅಂತ ಆ ಹಾಳೆಯಲ್ಲಿ ಒಂದು ಸಾಲೂ ಇಲ್ಲ.

ತಕ್ಷಣ ಫೋನ್ ಮಾಡಿದೆ. ಹೆಸರನ್ನೇ ಎರಡೂ ಕಾಲಂನಲ್ಲಿ ಬರೆಯಿರಿ ಅಂದರು. ಹಾಗೇ ತಿದ್ದಿ 5:45ಕ್ಕೆ ಕಳಿಸಿದೆ. ಮರುದಿನ ಬಂದ ಉತ್ತರ: ಪಟ್ಟಿ ಗಡುವಿನೊಳಗೆ ಪೂರ್ತಿಯಾಗಿಲ್ಲ, ಒಂಬತ್ತು ಸೀಟು ಬಿಡುಗಡೆ ಮಾಡಲಾಗಿದೆ, ಹಣ ವಾಪಸ್ ಇಲ್ಲ.

ಅದೇ ವಿಮಾನದಲ್ಲಿ ಸೀಟು ಇದೆಯಾ ಅಂತ ವೆಬ್‌ಸೈಟ್ ನೋಡಿದೆ. ಒಂದು ಸೀಟು ಕೇಳಿದರೆ 9,300 ತೋರಿಸಿತು. ಒಂಬತ್ತು ಒಟ್ಟಿಗೆ ಕೇಳಿದರೆ ತಲಾ 10,900. ಅಗ್ಗದ ದರದಲ್ಲಿ ಒಂಬತ್ತು ಸೀಟು ಉಳಿದಿಲ್ಲದಿದ್ದರೆ ಎಲ್ಲರಿಗೂ ಮೇಲಿನ ದರವೇ ಬೀಳುತ್ತದೆ. ಬಿಡಿ ಬಿಡಿಯಾಗಿ ತೆಗೆದುಕೊಂಡರೆ ಮಧ್ಯದಲ್ಲಿ ಸೀಟು ಮುಗಿದುಹೋಗಬಹುದು ಅನ್ನುವ ಭಯಕ್ಕೆ 98,100 ರೂಪಾಯಿ ಕೊಟ್ಟು ಒಂದೇ ಸಲ ತೆಗೆದುಕೊಂಡೆ. ಸರ್‌ನೇಮ್ ಇಲ್ಲದವರು ಹೆಸರನ್ನೇ ಮತ್ತೆ ಬರೆಯಿರಿ ಅಂತ ನಿಮ್ಮ ವೆಬ್‌ಸೈಟಿನಲ್ಲೇ ಇದೆ. ನಂಜಮ್ಮ ನಂಜಮ್ಮ ಅಂತ ಬರೆದೆ, ಟಿಕೆಟ್ ಬಂತು. ವೆಬ್‌ಸೈಟ್ ಒಪ್ಪುವ ಹೆಸರನ್ನು ಗುಂಪು ಡೆಸ್ಕ್ ಯಾಕೆ ಒಪ್ಪಲಿಲ್ಲ?

ಸರ್‌ನೇಮ್ ಇಲ್ಲದವರಲ್ಲಿ ಹೆಚ್ಚಿನವರು ಹಿರಿಯರು. ಅಜ್ಜಿ, ಇಬ್ಬರು ದೊಡ್ಡಮ್ಮಂದಿರು, ಸೋದರತ್ತೆ. ಯಾರ ಪಕ್ಕ ನಾವು ಇರಲೇಬೇಕಿತ್ತೋ ಅವರೇ ಬೇರೆ ಪಿಎನ್‌ಆರ್‌ನಲ್ಲಿ, ಹಿಂದಿನ ಸಾಲುಗಳಲ್ಲಿ ಚದುರಿ ಕೂತರು. ವೀಲ್‌ಚೇರ್‌ನಲ್ಲಿ ಬಂದ ಅಜ್ಜಿ ಪಕ್ಕ ಮನೆಯವರು ಯಾರೂ ಇರಲಿಲ್ಲ. ಎರಡು ಗಂಟೆಗೂ ಜಾಸ್ತಿ ಹೊತ್ತು ಅವರು ಒಂದು ಲೋಟ ನೀರು ಕೇಳಲೂ ಹೆದರಿದ್ದರಂತೆ. ಹಣಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿದೆ.

ನಾನು ಕೇಳುವುದು ಇಷ್ಟು. ಪಟ್ಟಿ ಗಡುವಿಗೆ ಎರಡು ದಿನ ಮೊದಲೇ ನಿಮ್ಮ ಕೈಗೆ ಬಂದಿತ್ತು, ತಿದ್ದಿದ್ದೂ ಗಡುವಿನೊಳಗೇ ಬಂತು. ಹಾಗಾಗಿ ಆ ರದ್ದತಿ ತಪ್ಪು ಅಂತ ಒಪ್ಪಿಕೊಂಡು, ಎರಡನೇ ಸಲ ಕೊಟ್ಟ 98,100 ರೂಪಾಯಿ ವಾಪಸ್ ಮಾಡಿ. ನೀವು ಒಪ್ಪದಿದ್ದರೂ ಒಂದು ಮಾತು ಉಳಿಯುತ್ತದೆ. ಪ್ರಯಾಣ ಮಾಡದ ಟಿಕೆಟ್ಟಿನ ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕವನ್ನು ವಾಪಸ್ ಕೊಡಬೇಕು ಅಂತ ಡಿಜಿಸಿಎ ನಿಯಮವೇ ಹೇಳುತ್ತದೆ. ಮೂಲ ದರ ವಾಪಸ್ ಇಲ್ಲದ ಟಿಕೆಟ್ಟಿಗೂ ಅದು ಅನ್ವಯ. ನಿಮ್ಮ ಕೊಟೇಶನ್ ಪ್ರಕಾರ ಅದು ಸೀಟಿಗೆ 1,250, ಒಂಬತ್ತಕ್ಕೆ 11,250 ರೂಪಾಯಿ. ಅದನ್ನು ಇಟ್ಟುಕೊಳ್ಳುವ ಹಕ್ಕು ನಿಮಗೆ ಹೇಗೂ ಇಲ್ಲ.

ಜೊತೆಗೆ ಆ ಹಾಳೆಯನ್ನು ದಯವಿಟ್ಟು ಬದಲಾಯಿಸಿ. ಒಂದೇ ಹೆಸರಿನವರು ಏನು ಬರೆಯಬೇಕು ಅಂತ ಕಾಲಂ ಮೇಲೇ ಹಾಕಿ. ಪಟ್ಟಿಯಲ್ಲಿ ತಪ್ಪಿದ್ದರೆ ಬಂದ ದಿನವೇ ತಿಳಿಸಿ.

ಮೇಲ್‌ಗಳ ಪ್ರತಿ, ಎರಡೂ ಪಟ್ಟಿ, ಹಣ ಕಟ್ಟಿದ ರಸೀದಿ ಲಗತ್ತಿಸಿದ್ದೇನೆ. 15 ದಿನದೊಳಗೆ ಉತ್ತರ ಬಾರದಿದ್ದರೆ ಏರ್‌ಸೇವಾದಲ್ಲೂ 1915 ಗ್ರಾಹಕ ಸಹಾಯವಾಣಿಯಲ್ಲೂ ದೂರು ದಾಖಲಿಸುತ್ತೇನೆ.

ಇಂತಿ,
ಗುಂಪು ಬುಕಿಂಗ್ ಮಾಡಿಸಿದ ವರನ ಅಣ್ಣ