ಡಬ್ಬ ಮುಚ್ಚುವ ಮುನ್ನ: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ನೀನು ಕಳುಹಿಸಿದ ಫೋಟೊ ನೋಡಿದೆ. ಅಕ್ಕಿಯ ಮೇಲೆ ಓಡಾಡುತ್ತಿರುವ ಆ ಕಂದು ಹುಳುವನ್ನು ದೊಡ್ಡದು ಮಾಡಿ ನೋಡಿದರೆ ಮುಖದಿಂದ ಮುಂದಕ್ಕೆ ಚಾಚಿದ ಸೊಂಡಿಲು ಕಾಣುತ್ತದೆ, ಬೆನ್ನ ಮೇಲೆ ಮಸುಕಾದ ನಾಲ್ಕು ಚುಕ್ಕೆಗಳೂ ಇವೆ. ಅನುಮಾನವೇ ಇಲ್ಲ, ಅದು ಅಕ್ಕಿಯ ಸೊಂಡಿಲು ಹುಳು, ನಾವು ನುಸಿ ಎನ್ನುವುದು. "ಗಾಳಿಯಾಡದ ಹೊಸ ಡಬ್ಬ, ಮೇಲೆ ಬೇವಿನ ಎಲೆ, ಒಂದು ದಿನವೂ ಮುಚ್ಚಳ ತೆರೆದಿಟ್ಟಿಲ್ಲ, ಆದರೂ ಇದು ಒಳಗೆ ಹೋದದ್ದು ಹೇಗೆ?" ಎಂದು ಕೇಳಿದ್ದೀಯ. ಅದು ಹೊರಗಿನಿಂದ ಹೋಗಲಿಲ್ಲ ಮಗಳೇ. ನೀನು ಅಕ್ಕಿ ಸುರಿದ ದಿನವೇ ಅಕ್ಕಿಯ ಜೊತೆಗೆ ಒಳಗೆ ಸೇರಿತ್ತು.

ಹೆಣ್ಣು ನುಸಿ ಸೊಂಡಿಲಿನಿಂದ ಕಾಳಿನಲ್ಲಿ ಸಣ್ಣ ಕುಳಿ ಕೊರೆಯುತ್ತದೆ, ಅದರಲ್ಲಿ ಒಂದು ಮೊಟ್ಟೆ ಇಡುತ್ತದೆ, ಮೇಲೆ ಅಂಟಿನಂಥ ದ್ರವದಿಂದ ಬಾಯಿ ಮುಚ್ಚಿಬಿಡುತ್ತದೆ. ಆ ಮುಚ್ಚಿಗೆ ಕಾಳಿನದೇ ಬಣ್ಣವಿರುವುದರಿಂದ ನಮ್ಮ ಕಣ್ಣಿಗೆ ಏನೂ ಕಾಣುವುದಿಲ್ಲ. ಮೊಟ್ಟೆ ಒಡೆದು ಬಂದ ಮರಿ ಕಾಳಿನ ಒಳಗೇ ತಿಂದು, ಒಳಗೇ ಕೋಶವಾಗಿ, ಬೆಳೆದ ಹುಳುವಾದ ಮೇಲೆ ರಂಧ್ರ ಕೊರೆದು ಹೊರಬರುತ್ತದೆ. ಬೆಚ್ಚಗಿನ ವಾತಾವರಣದಲ್ಲಿ ಇಷ್ಟಕ್ಕೆಲ್ಲ ಒಂದು ತಿಂಗಳು, ಕೆಲವೊಮ್ಮೆ ಅದಕ್ಕಿಂತ ತುಸು ಹೆಚ್ಚು ಬೇಕು. ನೀನು ಅಕ್ಕಿ ತುಂಬಿಟ್ಟು ಐದು ವಾರವಾಯಿತು ಎಂದಿದ್ದೀಯಲ್ಲ, ಲೆಕ್ಕ ಸರಿಯಾಗಿ ಕೂಡುತ್ತದೆ. ಅಂಗಡಿಯವರನ್ನು ಬೈಯಬೇಡ. ಎಷ್ಟೇ ಚೆನ್ನಾಗಿ ಆರಿಸಿದ ಅಕ್ಕಿಯಲ್ಲೂ ಮೊಟ್ಟೆ ಇರಬಹುದು, ಅದನ್ನು ಜರಡಿ ಹಿಡಿದು ತೆಗೆಯಲು ಬರುವುದಿಲ್ಲ.

ಆದ್ದರಿಂದ ಕೆಲಸದ ಕ್ರಮವನ್ನು ನೆನಪಿಟ್ಟುಕೊ. ಮೊದಲು ಒಳಗಿರುವುದನ್ನು ಕೊಲ್ಲಬೇಕು, ಆಮೇಲೆ ಡಬ್ಬ ಮುಚ್ಚಬೇಕು, ಎಲೆಯ ಸರದಿ ಕೊನೆಗೆ. ಹೆಚ್ಚಿನವರು ಇದನ್ನು ತಿರುಗುಮುರುಗು ಮಾಡುತ್ತಾರೆ. ಎಲೆ ಹಾಕಿದರೆ ಆಯಿತು ಎಂದುಕೊಳ್ಳುತ್ತಾರೆ.

ಕೊಲ್ಲುವುದಕ್ಕೆ ಮನೆಯಲ್ಲಿ ಎಲ್ಲಕ್ಕಿಂತ ನಂಬಿಕೆಯ ಸಾಧನವೆಂದರೆ ಫ್ರೀಜರ್. ಕೆಳಗಿನ ಫ್ರಿಜ್ ಸಾಲದು, ಅಲ್ಲಿನ ತಂಪಿನಲ್ಲಿ ಹುಳುಗಳ ಬೆಳವಣಿಗೆ ನಿಧಾನವಾಗುತ್ತದೆಯೇ ಹೊರತು ಸಾಯುವ ಭರವಸೆ ಇಲ್ಲ. ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ನಾಲ್ಕು ದಿನ ಇದ್ದರೆ ಮೊಟ್ಟೆ, ಮರಿ, ಹುಳು ಎಲ್ಲವೂ ಸಾಯುತ್ತವೆ. ನಾನು ಒಂದು ವಾರ ಇಡು ಎನ್ನುತ್ತೇನೆ, ಏಕೆಂದರೆ ಮನೆಯ ಫ್ರೀಜರಿನ ಬಾಗಿಲು ದಿನಕ್ಕೆ ಹಲವು ಬಾರಿ ತೆರೆಯುತ್ತದೆ, ಜೊತೆಗೆ ಗಂಟಿನ ನಡುಭಾಗ ತಣ್ಣಗಾಗಲು ಹೊತ್ತು ಹಿಡಿಯುತ್ತದೆ. ನಿನ್ನ 10 ಕಿಲೋ ಅಕ್ಕಿಯನ್ನು ಎರಡೆರಡು ಕಿಲೋದ ಐದು ಪೊಟ್ಟಣಗಳಾಗಿ ಮಾಡು. ದುಂಡಗೆ ಉಬ್ಬಿಸದೆ ಚಪ್ಪಟೆಯಾಗಿ ತಟ್ಟಿ, ಬಾಯಿ ಬಿಗಿಯಾಗಿ ಮುಚ್ಚಿ, ಜಾಗವಿದ್ದಷ್ಟು ಪೊಟ್ಟಣಗಳನ್ನು ಸರದಿಯಂತೆ ಒಳಗಿಡು.

ಹೊರಗೆ ತೆಗೆದ ಕೂಡಲೇ ಪೊಟ್ಟಣ ಬಿಚ್ಚಬೇಡ. ತಣ್ಣನೆಯ ಅಕ್ಕಿಗೆ ಅಡುಗೆಮನೆಯ ಗಾಳಿ ತಾಗಿದರೆ ಕಾಳುಗಳ ಮೇಲೆ ನೀರು ಕೂರುತ್ತದೆ, ಆ ತೇವದಿಂದ ಬೂಷ್ಟು ಹಿಡಿಯುತ್ತದೆ. ಮುಚ್ಚಿದ ಹಾಗೆಯೇ ಒಂದು ಇಡೀ ದಿನ ಬಿಟ್ಟು, ಹೊರಮೈಯ ಹನಿಗಳನ್ನು ಒರೆಸಿ, ಮುಟ್ಟಿದರೆ ಸ್ವಲ್ಪವೂ ತಂಪಿಲ್ಲ ಎನಿಸಿದ ಮೇಲೆ ಡಬ್ಬಕ್ಕೆ ಸುರಿ.

ಗೋಧಿಗೂ ಇಡೀ ಕಾಳುಗಳಿಗೂ ಬಿಸಿಲಿನ ದಾರಿಯೂ ಇದೆ. ನೆಲಕ್ಕೆ ಕಪ್ಪು ಬಟ್ಟೆ ಹಾಸಿ, ಕಾಳನ್ನು ತೆಳುವಾಗಿ ಹರಡಿ, ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹೊದಿಸಿ, ಅಂಚುಗಳಿಗೆ ಭಾರ ಇಡು. ಬರೀ ಬಿಸಿಲಿಗೆ ಹರಡಿದರೆ ಹುಳುಗಳು ನೆರಳು ಹುಡುಕಿ ಓಡಿಹೋಗುತ್ತವೆ, ಮೊಟ್ಟೆಗಳು ಉಳಿದುಬಿಡುತ್ತವೆ. ಹಾಳೆಯಡಿಯಲ್ಲಿ ಮಾತ್ರ ಚುರುಕು ಬಿಸಿಲಿಗೆ ಕಾವು 50 ಡಿಗ್ರಿ ದಾಟುತ್ತದೆ, ಕೆಲವು ಗಂಟೆ ಹಾಗೆ ನಿಂತರೆ ಕಾಳಿನೊಳಗಿನ ಮರಿಯೂ ಬದುಕುವುದಿಲ್ಲ. ಮೋಡ ಕವಿದ ದಿನ ಈ ಕೆಲಸಕ್ಕೆ ಕೈ ಹಾಕಬೇಡ. ಸಂಜೆ ಬಿಸಿಬಿಸಿಯಾಗಿರುವಾಗಲೇ ಡಬ್ಬಕ್ಕೆ ತುಂಬಲೂ ಬೇಡ, ಒಳಗೆ ಬೆವರಿ ಮುಚ್ಚಳದಿಂದ ನೀರು ತೊಟ್ಟಿಕ್ಕುತ್ತದೆ. ಅಕ್ಕಿಯನ್ನು ಬಿಸಿಲಿಗೆ ಹಾಕದಿರುವುದೇ ಒಳ್ಳೆಯದು. ಪಾಲಿಶ್ ಆದ ಅಕ್ಕಿ ಕಾವಿಗೆ ಸಣ್ಣಗೆ ಬಿರುಕು ಬಿಟ್ಟು, ಬೇಯಿಸುವಾಗ ನುಚ್ಚಾಗುತ್ತದೆ.

ಇನ್ನು ಡಬ್ಬದ ಮಾತು. ಗಾಳಿಯಾಡದ ಡಬ್ಬ ಎರಡು ಕೆಲಸ ಮಾಡುತ್ತದೆ. ಹೊರಗಿನ ಹುಳು ಮತ್ತು ತೇವವನ್ನು ತಡೆಯುವುದು ಎಲ್ಲರಿಗೂ ಗೊತ್ತು. ಎರಡನೆಯದು, ಅಕಸ್ಮಾತ್ ಒಳಗೆ ಜೀವ ಉಳಿದಿದ್ದರೆ ಅದು ಉಸಿರಾಡಿ ಉಸಿರಾಡಿ ಅಲ್ಲಿರುವ ಆಮ್ಲಜನಕವನ್ನು ಮುಗಿಸುತ್ತದೆ, ಆಮೇಲೆ ತಿನ್ನುವುದನ್ನೂ ಮೊಟ್ಟೆ ಇಡುವುದನ್ನೂ ನಿಲ್ಲಿಸಿ ಕೊನೆಗೆ ಸಾಯುತ್ತದೆ. ಆದರೆ ಇದಕ್ಕೆ ಡಬ್ಬ ತುಂಬಿರಬೇಕು, ವಾರಗಟ್ಟಲೆ ತೆರೆಯಬಾರದು. ನೀನು ಮಾಡಿದ್ದನ್ನೇ ನೋಡು. 10 ಕಿಲೋ ಅಕ್ಕಿಗೆ ಸುಮಾರು 12 ಲೀಟರ್ ಜಾಗ ಸಾಕು, ನಿನ್ನ ಡಬ್ಬ 20 ಲೀಟರಿನದು. ಮೇಲೆ 8 ಲೀಟರ್ ಗಾಳಿ ಖಾಲಿ ಉಳಿಯಿತು, ಅದರ ಮೇಲೆ ದಿನಕ್ಕೆರಡು ಬಾರಿ ಮುಚ್ಚಳ ತೆರೆದು ಹೊಸ ಗಾಳಿ ಒಳಗೆ ಬಿಟ್ಟೆ. ಆ ಹುಳುಗಳಿಗೆ ಉಸಿರಿನ ಕೊರತೆಯೇ ಆಗಲಿಲ್ಲ.

ಬದಲಿಗೆ 6 ಲೀಟರಿನ ಎರಡು ಡಬ್ಬಗಳನ್ನು ತೆಗೆದುಕೊಂಡು ಐದೈದು ಕಿಲೋ ತುಂಬು. ತುಂಬುವಾಗ ಡಬ್ಬವನ್ನು ನೆಲಕ್ಕೆ ಮೆಲ್ಲಗೆ ಕುಟ್ಟಿದರೆ ಅಕ್ಕಿ ಕುಸಿದು ಇನ್ನೊಂದಿಷ್ಟಕ್ಕೆ ಜಾಗವಾಗುತ್ತದೆ, ಕಂಠದವರೆಗೂ ಬರಲಿ. ದಿನದ ಬಳಕೆಗೆ ಬೇರೆ ಸಣ್ಣ ಡಬ್ಬವಿರಲಿ, ವಾರಕ್ಕೊಮ್ಮೆ ಅದಕ್ಕೆ ತೆಗೆದುಕೊ. ಒಂದು ದೊಡ್ಡ ಡಬ್ಬ ಖಾಲಿಯಾಗುವವರೆಗೆ ಇನ್ನೊಂದನ್ನು ಮುಟ್ಟಲೇಬೇಡ.

ಮುಚ್ಚಳ ನಿಜವಾಗಿ ಗಾಳಿ ತಡೆಯುತ್ತದೆಯೇ ಎಂದು ಮೊದಲೇ ಪರೀಕ್ಷಿಸು. ಡಬ್ಬಕ್ಕೆ ಅರ್ಧ ನೀರು ತುಂಬಿ, ಮುಚ್ಚಿ, ತಲೆಕೆಳಗಾಗಿ ಹಿಡಿ. ಒಂದು ಹನಿ ಸೋರಿದರೂ ಅದರಲ್ಲಿ ಗಾಳಿ ಆಡುತ್ತದೆ. ಒಳಗೆ ರಬ್ಬರ್ ಉಂಗುರವಿಲ್ಲದ ಸಾಮಾನ್ಯ ಸ್ಟೀಲ್ ಡಬ್ಬಗಳು ಈ ಪರೀಕ್ಷೆಯಲ್ಲಿ ಸೋಲುತ್ತವೆ, ಅವು ದಿನದ ಬಳಕೆಗೆ ಮಾತ್ರ. ಪರೀಕ್ಷೆ ಮುಗಿದ ಮೇಲೆ ಡಬ್ಬ ಒಣಗಲು ಪೂರಾ ಒಂದು ದಿನ ಕೊಡು. ತೆಳು ಪ್ಲಾಸ್ಟಿಕ್ ಚೀಲವನ್ನು ನಂಬಬೇಡ, ನುಸಿಗೂ ಪತಂಗದ ಮರಿಗೂ ಅದನ್ನು ಕೊರೆಯುವುದು ದೊಡ್ಡ ಕೆಲಸವಲ್ಲ.

ಪತಂಗದ ಹೆಸರು ಬಂತು, ಅದರ ಗುರುತನ್ನೂ ಹೇಳಿಬಿಡುತ್ತೇನೆ. ಅದರ ಮರಿ ಕಾಳುಗಳ ನಡುವೆ ರೇಷ್ಮೆಯಂಥ ನೂಲು ಬಿಡುತ್ತದೆ. ಒಂದು ಹಿಡಿ ಎತ್ತಿದಾಗ ನಾಲ್ಕಾರು ಕಾಳುಗಳು ಒಂದಕ್ಕೊಂದು ಅಂಟಿಕೊಂಡು ಜೋತಾಡಿದರೆ ಅದು ನುಸಿಯ ಕೆಲಸವಲ್ಲ. ಬೆಳೆದ ಮರಿ ಕಾಳು ಬಿಟ್ಟು ಮೇಲಕ್ಕೆ ತೆವಳಿ, ಮುಚ್ಚಳದ ತಿರುಪಿನ ಸಂದಿಯಲ್ಲೋ ಗೂಡಿನ ಮೂಲೆಯಲ್ಲೋ ಕೋಶ ಕಟ್ಟುತ್ತದೆ. ಡಬ್ಬವನ್ನು ಎಷ್ಟು ತೊಳೆದರೂ ಪತಂಗ ಮರಳಿ ಬರುವುದು ಆ ಸಂದಿಯಿಂದಲೇ. ಹಳೆಯ ಟೂತ್‌ಬ್ರಷ್ ತೆಗೆದುಕೊಂಡು ತಿರುಪಿನ ಗೆರೆಗಳನ್ನೂ ರಬ್ಬರ್ ಉಂಗುರದ ಅಡಿಯನ್ನೂ ಉಜ್ಜು. ಹಳೆಯ ಅಕ್ಕಿ ತಳದಲ್ಲಿರುವಾಗ ಅದರ ಮೇಲೆ ಹೊಸದನ್ನು ಎಂದೂ ಸುರಿಯಬೇಡ.

ಬೇಳೆ ಕಾಳುಗಳಲ್ಲಿ ಮಾತ್ರ ಕಣ್ಣಿಗೆ ಮೊದಲೇ ಸುಳಿವು ಸಿಗುತ್ತದೆ. ಕಾಳು ಕೊರೆಯುವ ದುಂಬಿ ಮೊಟ್ಟೆಯನ್ನು ಒಳಗಿಡದೆ ಸಿಪ್ಪೆಯ ಮೇಲೆ ಅಂಟಿಸುತ್ತದೆ. ಹೆಸರುಕಾಳನ್ನೋ ಕಡಲೆಯನ್ನೋ ಬೆಳಕಿಗೆ ಹಿಡಿದು ನೋಡು, ಒರೆಸಿದರೂ ಹೋಗದ ಬಿಳಿ ಚುಕ್ಕೆಗಳಿದ್ದರೆ ಅವು ಮೊಟ್ಟೆಗಳೇ. ಮರಿ ಆ ಚುಕ್ಕೆಯ ಅಡಿಯಿಂದಲೇ ನೇರ ಒಳಗೆ ಕೊರೆಯುವುದರಿಂದ ಬೇರೆ ಗಾಯ ಕಾಣುವುದಿಲ್ಲ. ಅಂಥ ಕಾಳನ್ನು ಅಂದೇ ಫ್ರೀಜರಿಗೆ ಹಾಕು. ಆಮೇಲೆ ಕಿಲೋಗೆ ಒಂದು ಟೀ ಚಮಚ ಅಡುಗೆ ಎಣ್ಣೆ ಹಾಕಿ, ಪ್ರತಿ ಕಾಳಿಗೂ ತೆಳುವಾಗಿ ಹತ್ತುವಂತೆ ಕೈಯಿಂದ ತಿಕ್ಕಿಟ್ಟರೆ ಮುಂದೆ ಇಟ್ಟ ಮೊಟ್ಟೆಗಳು ಹೆಚ್ಚಾಗಿ ಮರಿಯಾಗುವುದಿಲ್ಲ. ಎಣ್ಣೆ ಕಮಟು ವಾಸನೆ ಬರುವ ಮುಂಚೆ, ಎರಡು ಮೂರು ತಿಂಗಳೊಳಗೆ ಬಳಸಿಬಿಡು.

ಈಗ ನೀನು ಬಹಳ ನೆಚ್ಚಿಕೊಂಡಿದ್ದ ಎಲೆಯ ವಿಷಯ. ಬೇವಿನ ಎಲೆಯನ್ನು ನಾನು ಬಿಡು ಎನ್ನುವುದಿಲ್ಲ. ಅದರ ಕಹಿಯೂ ವಾಸನೆಯೂ ಹೊರಗಿನಿಂದ ಬರುವ ಹುಳುವನ್ನು ಹಿಮ್ಮೆಟ್ಟಿಸುತ್ತವೆ, ತಿನ್ನುವ ಆಸೆಯನ್ನು ಕುಗ್ಗಿಸುತ್ತವೆ. ಆದರೆ ಕಾಳಿನೊಳಗೆ ಬೆಚ್ಚಗೆ ಕುಳಿತ ಮರಿಗೆ ಆ ವಾಸನೆ ಮುಟ್ಟುವುದೇ ಇಲ್ಲ. ಬೇವಿನ ಕಸುವು ಹೆಚ್ಚಾಗಿರುವುದು ಬೀಜದಲ್ಲಿ, ಎಲೆಯಲ್ಲಿ ಅದು ಕಡಿಮೆ. ಹಾಗಾಗಿ ಮೇಲೆ ನಾಲ್ಕು ಎಲೆ ಇಟ್ಟರೆ ಏನೂ ಆಗದು. ದಿನವೂ ತೆರೆಯುವ ಸಣ್ಣ ಡಬ್ಬದಲ್ಲಿ ಎಲೆಗೆ ನಿಜವಾದ ಕೆಲಸವಿದೆ, ಏಕೆಂದರೆ ಹುಳು ಒಳನುಗ್ಗಲು ದಾರಿ ಸಿಗುವುದು ಅಲ್ಲಿಯೇ.

ಎಲೆಗಳನ್ನು ತೊಳೆದು, ನೆರಳಿನಲ್ಲಿ, ಮುಷ್ಟಿಯಲ್ಲಿ ಹಿಡಿದರೆ ಗರಗರ ಪುಡಿಯಾಗುವವರೆಗೆ ಒಣಗಿಸು. ಮಡಿಸಿದರೆ ಬಾಗುವ ಎಲೆಯಲ್ಲಿ ಇನ್ನೂ ನೀರಿದೆ, ಅದನ್ನು ಮುಚ್ಚಿದ ಡಬ್ಬಕ್ಕೆ ಹಾಕಿದರೆ ಹುಳುವಿನ ಬದಲು ಬೂಷ್ಟನ್ನು ಸಾಕಿದಂತೆ. ಒಂದು ಹಿಡಿ ಎಲೆಯನ್ನು ತೆಳು ಹತ್ತಿಬಟ್ಟೆಯ ಚೀಲದಲ್ಲಿ ಕಟ್ಟಿ, ಒಂದನ್ನು ತಳದಲ್ಲಿ, ಒಂದನ್ನು ನಡುವೆ, ಒಂದನ್ನು ಮೇಲೆ ಇಡು. ತಿಕ್ಕಿ ಮೂಸಿದಾಗ ವಾಸನೆ ಬಾರದಿದ್ದರೆ ಬದಲಾಯಿಸುವ ಹೊತ್ತು ಬಂತು. ಲಕ್ಕಿ ಎಲೆ, ಪಲಾವ್ ಎಲೆಗಳಿಗೂ ಇದೇ ಮಾತು ಸಲ್ಲುತ್ತದೆ. ಗುರುತಿಲ್ಲದ ಗಿಡದ ಎಲೆಯನ್ನು ಮಾತ್ರ ತಿನ್ನುವ ಧಾನ್ಯಕ್ಕೆ ಹಾಕಬೇಡ.

ಯಾರಾದರೂ ಗೋದಾಮಿನಲ್ಲಿ ಬಳಸುವ ಮಾತ್ರೆ ತಂದುಕೊಟ್ಟರೆ ಮನೆಯೊಳಗೆ ಕಾಲಿಡಲೂ ಬಿಡಬೇಡ. ಅದು ಗಾಳಿಯ ತೇವಕ್ಕೆ ಫಾಸ್ಫೀನ್ ಎಂಬ ಅನಿಲ ಬಿಡುತ್ತದೆ, ಮುಚ್ಚಿದ ಮನೆಯಲ್ಲಿ ಮಲಗಿದವರ ಜೀವ ತೆಗೆದಿದೆ. ನುಸಿಗುಳಿಗೆಯೂ ಆಹಾರದ ಹತ್ತಿರ ಬರಬಾರದು. ಇದೊಂದು ವಿಷಯದಲ್ಲಿ ನನ್ನ ಮಾತನ್ನು ಮೀರಬೇಡ.

ಈಗಿರುವ ಅಕ್ಕಿಯನ್ನು ಎಸೆಯಬೇಕಿಲ್ಲ. ಮುಗ್ಗುಲು ವಾಸನೆ ಇಲ್ಲದಿದ್ದರೆ, ಹಿಡಿಯಲ್ಲಿ ಗಂಟುಗಟ್ಟದಿದ್ದರೆ, ಜರಡಿ ಹಿಡಿದು ಫ್ರೀಜರಿಗೆ ಹಾಕು. ಬೇಯಿಸುವ ಮುಂಚೆ ನೀರಿಗೆ ಹಾಕಿದರೆ ಟೊಳ್ಳು ಕಾಳುಗಳೂ ಸತ್ತ ಹುಳುಗಳೂ ತೇಲುತ್ತವೆ, ಚೆಲ್ಲಿಬಿಡು. ಮುಗ್ಗಿದ್ದರೆ ಮಾತ್ರ ಉಳಿಸಿಕೊಳ್ಳಬೇಡ.

ತುಂಬಿಟ್ಟು ತಿಂಗಳಾದ ಮೇಲೆ ಬಳಕೆಯ ಡಬ್ಬದಿಂದ ಎರಡು ಹಿಡಿ ಅಕ್ಕಿಯನ್ನು ಬಿಳಿ ಕಾಗದದ ಮೇಲೆ ಜರಡಿ ಹಿಡಿ. ಹಿಟ್ಟಿನಂಥ ಪುಡಿ ಉದುರಿತೇ ನೋಡು. ನುಸಿಯನ್ನು ಅಲುಗಿಸಿದರೆ ಕಾಲು ಮಡಚಿ ಸತ್ತಂತೆ ಬಿದ್ದಿರುತ್ತದೆ, ಆದ್ದರಿಂದ ಐದು ನಿಮಿಷ ಕಾದು ಮತ್ತೆ ನೋಡು. ಏನಾದರೂ ನಡೆದಾಡಿದರೆ ಅದರ ಫೋಟೊ ತೆಗೆದು ಕಳುಹಿಸು.

ಪ್ರೀತಿಯಿಂದ,
ನಿನ್ನ ಅಮ್ಮ